ಸಹೋದ್ಯೋಗಿಗೆ ಸಾಂತ್ವನದ ನಾಲ್ಕು ಸಾಲು

ಸಹೋದ್ಯೋಗಿಯ ಮನೆಯಲ್ಲಿ ಸಾವಾದಾಗ ಕಳಿಸುವ ಸಂತಾಪಕ್ಕೆ ನಾಲ್ಕು ಸಾಲು ಸಾಕು. ಉದಾಹರಣೆಗೆ:

“ಸವಿತಾ ಅವರೇ, ನಿಮ್ಮ ತಾಯಿ ತೀರಿಕೊಂಡ ಸುದ್ದಿ ಕೇಳಿ ತುಂಬಾ ಸಂಕಟವಾಯಿತು. ಅವರು ಕಟ್ಟಿಕೊಡುತ್ತಿದ್ದ ಚಿತ್ರಾನ್ನವನ್ನು ನೀವು ನಮಗೆಲ್ಲ ಹಂಚುತ್ತಿದ್ದುದು ನೆನಪಾಗುತ್ತಿದೆ. ತಿಂಗಳ ಕೊನೆಯ ಲೆಕ್ಕ ನಾನು ಮುಗಿಸುತ್ತೇನೆ, ಆ ಚಿಂತೆ ಬೇಡ. ಇದಕ್ಕೆ ಉತ್ತರ ಬರೆಯಬೇಕಿಲ್ಲ.”

ಇದರ ಜೀವ ಇರುವುದು ಎರಡನೆಯ ಸಾಲಿನಲ್ಲಿ. ಆ ಚಿತ್ರಾನ್ನ ಬೇರೆ ಯಾರ ತಾಯಿಗೂ ಹೊಂದುವುದಿಲ್ಲ. ತೀರಿಕೊಂಡವರನ್ನು ನೋಡಿಯೇ ಇಲ್ಲದಿದ್ದರೆ ಸಹೋದ್ಯೋಗಿ ಅವರ ಬಗ್ಗೆ ಹೇಳುತ್ತಿದ್ದ ಮಾತನ್ನು ನೆನೆಯಬಹುದು. ಅದೂ ಇಲ್ಲವೆಂದರೆ ಆ ಸಾಲನ್ನು ಬಿಡುವುದೇ ಪ್ರಾಮಾಣಿಕತೆ.

“ಏನಾದರೂ ಬೇಕಿದ್ದರೆ ಹೇಳಿ” ಎಂದರೆ ಕೇಳುವ ಭಾರ ದುಃಖದಲ್ಲಿರುವವರ ಮೇಲೆಯೇ ಬೀಳುತ್ತದೆ. ಇಂಥ ಕೆಲಸ ಎಂದು ಹೆಸರಿಸಿದರೆ ಅವರು ಅಷ್ಟರಮಟ್ಟಿಗೆ ನಿರಾಳವಾಗುತ್ತಾರೆ. ಹೇಳಿದ ಮೇಲೆ ಮಾಡಲೇಬೇಕು.

“ವಯಸ್ಸಾಗಿತ್ತು ಬಿಡಿ” ಎಂಬ ಸಮಾಧಾನ ನೋಯಿಸುತ್ತದೆ. ಕಾಯಿಲೆಯ ವಿಚಾರಣೆಯೂ ಆಗ ಬೇಡ. “ಲಿಂಗೈಕ್ಯ”, “ವೈಕುಂಠವಾಸಿ” ಎಂಬಂಥ ಮಾತುಗಳು ಆಯಾ ಮನೆಯ ನಂಬಿಕೆಗೆ ಸೇರಿದವು. ಅದು ತಿಳಿಯದಿದ್ದಾಗ “ತೀರಿಕೊಂಡರು” ಎಂಬುದು ಎಲ್ಲರಿಗೂ ಸಲ್ಲುತ್ತದೆ.