ಪತ್ರ ಕೊಟ್ಟ ಮೇಷ್ಟ್ರಿಗೆ ಫಲಿತಾಂಶವೂ ತಿಳಿಯಲಿ

ನವೆಂಬರ್ ಬಂತೆಂದರೆ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟ ಹುಡುಗರು ಎಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾರೆ. ‘ಸರ್, ಒಂದು ರೆಕಮಂಡೇಶನ್ ಲೆಟರ್...’ ಆರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರೆ ಮೇಷ್ಟ್ರಿಗೆ ಆರು ಲಿಂಕ್ ಬರುತ್ತವೆ. ಪತ್ರ ಒಂದೇ ಆದರೂ ಲಾಗಿನ್ ಬೇರೆ, ಫಾರಂ ಬೇರೆ. ಈ ಹುಡುಗ ತರಗತಿಯ ಮೊದಲ ಶೇ 5ರಲ್ಲಿದ್ದಾನೋ 10ರಲ್ಲೋ ಎಂದು ಪ್ರತಿ ಕಡೆಯೂ ಗುರುತು ಹಾಕಬೇಕು. ಉತ್ತರಪತ್ರಿಕೆ ತಿದ್ದಿ ಮುಗಿಸಿ, ರಾತ್ರಿ ಕೂತು ಮಾಡುವ ಕೆಲಸ ಇದು.

ಇದಕ್ಕೆ ಸಿಗುವುದು ‘ಥ್ಯಾಂಕ್ಯೂ ಸರ್’ ಮತ್ತು ಕೈಮುಗಿದ ಚಿತ್ರ. ಆಮೇಲೆ ಸದ್ದಿಲ್ಲ. ಹುಡುಗ ಎಲ್ಲಿಗೆ ಹೋದನೆಂದು ಅವನ ಗೆಳೆಯನಿಂದ ತಿಳಿಯಬೇಕು.

ಅರ್ಜಿಯ ಪುಟದಲ್ಲಿ ಮೇಷ್ಟ್ರ ಹೆಸರಿನ ಮುಂದೆ Received ಎಂದು ಬಂದ ಒಂದೆರಡು ದಿನದಲ್ಲೇ ಮೊದಲ ಸಂದೇಶ ಹೋಗಬೇಕು. ಅದಕ್ಕೂ ಮುಂಚೆ ಕಳಿಸಿದ ಧನ್ಯವಾದ ‘ಬೇಗ ಕಳಿಸಿ’ ಎಂದು ನೆನಪಿಸಿದಂತೆ ಕೇಳುತ್ತದೆ. ಪತ್ರದಲ್ಲಿ ಏನಿತ್ತು ಎಂದು ಕೇಳಬೇಡಿ; ಅದನ್ನು ನೋಡುವ ಹಕ್ಕನ್ನು ಅರ್ಜಿಯಲ್ಲಿ ಹೆಚ್ಚಿನವರು ಬಿಟ್ಟುಕೊಟ್ಟೇ ಇರುತ್ತಾರೆ. ಹೀಗೆ ಬರೆದರೆ ಸಾಕು:

‘ಸರ್, ಆರೂ ಕಡೆ ನಿಮ್ಮ ಪತ್ರ ತಲುಪಿದೆ. ಪರೀಕ್ಷೆಯ ಗಡಿಬಿಡಿಯಲ್ಲೂ ಸಮಯ ಮಾಡಿಕೊಂಡಿರಿ. ಏಳನೇ ಸೆಮಿಸ್ಟರಿನ ಪ್ರಾಜೆಕ್ಟ್ ಕೆಟ್ಟಾಗ ಮತ್ತೆ ಮೊದಲಿಂದ ಮಾಡಿಸಿದ್ದು ನೀವು. ಆ ಕೆಲಸವನ್ನೇ ನಂಬಿ ಅರ್ಜಿ ಹಾಕಿದ್ದೇನೆ. ಮಾರ್ಚ್ ಹೊತ್ತಿಗೆ ಫಲಿತಾಂಶ ತಿಳಿಸುತ್ತೇನೆ.’

ಇದರಲ್ಲಿ ಹೊಗಳಿಕೆ ಇಲ್ಲ. ಪ್ರಾಜೆಕ್ಟಿನ ಆ ಒಂದು ವಾಕ್ಯವನ್ನು ಇನ್ನೊಬ್ಬ ಮೇಷ್ಟ್ರಿಗೆ ಕಳಿಸಲು ಬರುವುದಿಲ್ಲ, ಅದಕ್ಕೇ ಅದಕ್ಕೆ ಬೆಲೆ. ಕೊನೆಯ ಸಾಲು ಮುಂದಿನ ಮಾತಿಗೆ ಬಾಗಿಲು ತೆರೆದಿಡುತ್ತದೆ.

ಹೆಚ್ಚಿನವರು ತಪ್ಪುವುದು ಎರಡನೇ ಸಂದೇಶದಲ್ಲಿ. ಸೀಟು ಸಿಕ್ಕವರು ವೀಸಾ, ಸಾಲ ಎಂದು ಓಡಾಡುತ್ತ ಮರೆಯುತ್ತಾರೆ. ಸಿಗದವರು ನಾಚಿಕೆಯಿಂದ ಅಡಗುತ್ತಾರೆ. ‘ಎರಡು ಕಡೆ ಸಿಕ್ಕಿದೆ, ನಾಲ್ಕು ಕಡೆ ಇಲ್ಲ, ಇಂಥಲ್ಲಿಗೆ ಹೊರಟಿದ್ದೇನೆ’ ಎಂದು ಲೆಕ್ಕ ಒಪ್ಪಿಸಿದರೆ ಮೇಷ್ಟ್ರಿಗೂ ಉಪಯೋಗ: ಯಾವ ವಿಶ್ವವಿದ್ಯಾಲಯ ಎಂಥವರನ್ನು ತೆಗೆದುಕೊಳ್ಳುತ್ತದೆ ಎಂದು ಮುಂದಿನ ವರ್ಷದ ಹುಡುಗರಿಗೆ ಅವರು ಹೇಳಬಲ್ಲರು.

ಅಲ್ಲಿಗೆ ಹೋದ ಮೇಲೆ ವರ್ಷಕ್ಕೊಮ್ಮೆ ನಾಲ್ಕು ಸಾಲು ಬರೆಯಿರಿ, ಏನನ್ನೂ ಕೇಳದೆ. ಸೆಪ್ಟೆಂಬರ್ 5 ಬೇಡ. ಅವತ್ತು ಬರುವ ಗುಲಾಬಿ ಚಿತ್ರಗಳ ರಾಶಿಯಲ್ಲಿ ನಿಮ್ಮ ಸಂದೇಶ ಮುಳುಗಿಹೋಗುತ್ತದೆ. ಊರಿಗೆ ಬಂದಾಗ ಪೇಡಾ ಹಿಡಿದು ಹೋಗಿ, ಸಂತೋಷ. ಪತ್ರ ಬರೆಯುವ ಮುಂಚೆ ಮಾತ್ರ ಡಬ್ಬಿ ಇಡಬೇಡಿ, ಅದು ಇಬ್ಬರಿಗೂ ಮುಜುಗರ.

ಈ ಸಲ ಆರೂ ಕಡೆಯಿಂದ ‘ಇಲ್ಲ’ ಬಂದಿದ್ದರೆ, ಮೇಷ್ಟ್ರಿಗೆ ಅದನ್ನು ಈ ವಾರವೇ ತಿಳಿಸಿ. ಮುಂದಿನ ನವೆಂಬರಿನಲ್ಲಿ ಅದೇ ಪತ್ರಕ್ಕೆ ಹೊಸ ಸಾಲು ಸೇರಿಸಬೇಕಾದವರು ಅವರೇ.