ದೂರದ ಗ್ರಾಹಕರಿಗೆ ಕಾಣುವ ಕೆಲಸ

ಟ್ರೆಲೊದಂಥ ಹಂಚಿಕೆಯ ಬೋರ್ಡಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಕೆಲಸ ಸಾಗಿದಂತೆ ಅದು ‘ಮಾಡಬೇಕು’, ‘ನಡೆಯುತ್ತಿದೆ’, ‘ಗ್ರಾಹಕರ ಪರಿಶೀಲನೆ’, ‘ಮುಗಿದಿದೆ’ ಎಂಬ ಪಟ್ಟಿಗಳಲ್ಲಿ ಮುಂದೆ ಸರಿಯುತ್ತದೆ. ಮೈಸೂರಿನ ವಿನ್ಯಾಸಕರೊಬ್ಬರು ಲಂಡನ್ನಿನ ಅಂಗಡಿಗೆ ಜಾಲತಾಣ ಕಟ್ಟುತ್ತಿದ್ದಾರೆ ಎನ್ನೋಣ. ‘ಪಾವತಿ ಪುಟ’ದ ಕಾರ್ಡು ಎರಡು ವಾರ ಒಂದೇ ಕಡೆ ನಿಂತರೆ ಅಂಗಡಿಯವರಿಗೆ ಅನುಮಾನ ಹುಟ್ಟಿ, ದಿನವೂ ಫೋನ್ ಬರತೊಡಗುತ್ತದೆ. ಕೆಲಸವನ್ನು ಎರಡು-ಮೂರು ದಿನಗಳಲ್ಲಿ ಮುಗಿಯುವ ತುಂಡುಗಳಾಗಿ ಒಡೆದರೆ ಚಲನೆ ಕಣ್ಣಿಗೆ ಬೀಳುತ್ತದೆ.

ಕಾರ್ಡು ಎಲ್ಲಿದೆಯೆಂದು ಬೋರ್ಡು ತೋರಿಸುತ್ತದೆ, ಏಕೆ ನಿಂತಿದೆಯೆಂದು ಶುಕ್ರವಾರದ ಟಿಪ್ಪಣಿ ಹೇಳಬೇಕು: “ಉತ್ಪನ್ನಗಳ ಪುಟ ಮುಗಿದಿದೆ. ಬ್ಯಾಂಕಿನ ಅನುಮತಿ ಬಾರದೆ ಪಾವತಿ ಪುಟ ಮೂರು ದಿನ ತಡ. ಬಣ್ಣದ ಆಯ್ಕೆ ಬುಧವಾರದೊಳಗೆ ತಿಳಿಸಿ.” ತಡವನ್ನು ಕೇಳುವ ಮೊದಲೇ ಹೇಳಿದಾಗ ವಿಚಾರಿಸುವ ಕರೆಗಳು ಕಡಿಮೆಯಾಗುತ್ತವೆ. ಟಿಪ್ಪಣಿಯೂ ಬೋರ್ಡೂ ತಾಳೆಯಾಗದಿದ್ದರೆ ಎರಡನ್ನೂ ಯಾರೂ ನಂಬುವುದಿಲ್ಲ. ಆದ್ದರಿಂದ ಕಾರ್ಡುಗಳನ್ನು ಸರಿಪಡಿಸಿದ ಮೇಲಷ್ಟೇ ಟಿಪ್ಪಣಿ ಬರೆಯಬೇಕು.