‘ಕ್ಷಾರೀಯ ನೀರಿನ ಬಾಟಲಿ, ಆಫರ್ ಇಂದು ರಾತ್ರಿವರೆಗೆ ಮಾತ್ರ’: ಈ ಸ್ಲೈಡ್‌ಗಳಲ್ಲಿ ಎಷ್ಟು ನಿಜ?

ಇನ್‌ಸ್ಟಾಗ್ರಾಮ್‌ನಲ್ಲಿ ಬೆರಳಿನಿಂದ ಸರಿಸುತ್ತಾ ನೋಡುವ ಚಿತ್ರಗಳ ಸರಣಿಗೆ ಕ್ಯಾರೊಸೆಲ್ ಎನ್ನುತ್ತಾರೆ. ಹೊಸ ವಸ್ತುವಿನ ಬಿಡುಗಡೆಗೆ ಮಾಡುವ ಸರಣಿಯಲ್ಲಿ ಸಾಮಾನ್ಯವಾಗಿ ಮೊದಲು ಕುತೂಹಲ ಹುಟ್ಟಿಸುವ ಟೀಸರ್, ನಂತರ ಒಂದೊಂದು ಗುಣ ಹೇಳುವ ಸ್ಲೈಡ್‌ಗಳು, ಕೊನೆಗೆ ಆಫರ್ ಇರುತ್ತದೆ. ಅದರಲ್ಲಿನ ಒಂದು ಸ್ಲೈಡ್ ಮಾತ್ರ ಸ್ಕ್ರೀನ್‌ಶಾಟ್ ಆಗಿ ವಾಟ್ಸಾಪ್‌ಗೆ ಬಂದರೆ, ಯಾರು ಮಾರುತ್ತಿದ್ದಾರೆ ಎಂಬುದು ಕಾಣುವುದಿಲ್ಲ. ಜಾಹೀರಾತು ಆರೋಗ್ಯ ಸಲಹೆಯಾಗಿ ಓಡಾಡುತ್ತದೆ.

ನೀರನ್ನು ಕ್ಷಾರೀಯಗೊಳಿಸುವ ಬಾಟಲಿಯ ಒಂದು ಸರಣಿಯನ್ನು ಉದಾಹರಣೆಯಾಗಿ ನೋಡೋಣ. ಇದು ಯಾವುದೇ ಒಂದು ಕಂಪನಿಯದ್ದಲ್ಲ. ಇಂಥ ಜಾಹೀರಾತುಗಳ ಮಾದರಿಯನ್ನು ತೋರಿಸಲು ನಾವೇ ಜೋಡಿಸಿದ್ದು.

ಟೀಸರ್: ‘ನಿಮ್ಮ ಆಸಿಡಿಟಿಗೆ ಕಾರಣ ನೀವು ಕುಡಿಯುವ ನೀರೇ?’

ಇದು ಪ್ರಶ್ನೆ, ಹೇಳಿಕೆಯಲ್ಲ. ಹಾಗಾಗಿ ಸುಳ್ಳು ಎಂದು ಹಿಡಿಯಲು ಬರುವುದಿಲ್ಲ. ಆದರೆ ನೀರಿನಲ್ಲೇ ಏನೋ ದೋಷವಿದೆ ಎಂಬ ಅನುಮಾನ ನಮ್ಮ ತಲೆಯೊಳಗೆ ಬಂದಾಗಿದೆ. ಮುಂದಿನ ಸ್ಲೈಡ್‌ಗಳನ್ನು ಆ ಅನುಮಾನದೊಂದಿಗೇ ನೋಡುತ್ತೇವೆ.

ಗುಣಗಳ ಸ್ಲೈಡ್: ‘ಪಿಎಚ್ 9.5, ನೀವೇ ನೋಡಿ!’

ಎರಡು ಲೋಟ ನೀರಿಗೆ ಬಣ್ಣದ ದ್ರವದ ಹನಿ ಹಾಕುತ್ತಾರೆ. ಮಾಮೂಲಿ ನೀರು ಹಸಿರಾಗುತ್ತದೆ, ಬಾಟಲಿಯ ನೀರು ನೇರಳೆಯಾಗುತ್ತದೆ. ಈ ಪರೀಕ್ಷೆ ನಿಜವೇ ಇರಬಹುದು. ಪಿಎಚ್ ಎಂದರೆ ಆಮ್ಲ-ಕ್ಷಾರದ ಅಳತೆ. 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ಅಂದರೆ ಮಾಮೂಲಿ ನೀರಿನ ಹಸಿರು ಬಣ್ಣ ದೋಷದ ಗುರುತಲ್ಲ.

ಬಣ್ಣ ಬದಲಾಗಿದ್ದು ಲೋಟದಲ್ಲಿ. ಮುಂದಿನ ಸ್ಲೈಡ್ ಮಾತ್ರ ‘ದೇಹವನ್ನು ಕ್ಷಾರೀಯವಾಗಿಡುತ್ತದೆ’ ಎನ್ನುತ್ತದೆ. ಲೋಟದಿಂದ ದೇಹಕ್ಕೆ ಜಿಗಿದಿದ್ದು ಈ ಎರಡು ಸ್ಲೈಡ್‌ಗಳ ನಡುವೆ, ಅದಕ್ಕೆ ಪುರಾವೆ ಯಾವ ಸ್ಲೈಡ್‌ನಲ್ಲೂ ಇಲ್ಲ.

ಕುಡಿದ ನೀರು ಮೊದಲು ಸೇರುವುದು ಹೊಟ್ಟೆಯನ್ನು. ಆಹಾರ ಜೀರ್ಣಿಸಲು ಅಲ್ಲಿ ಪ್ರಬಲ ಆಮ್ಲವಿರುತ್ತದೆ, ಪಿಎಚ್ ಸುಮಾರು 1.5ರಿಂದ 3.5. ನೀರು ಅದನ್ನು ಸ್ವಲ್ಪ ಹೊತ್ತು ತೆಳುಗೊಳಿಸಿದರೂ ಹೊಟ್ಟೆ ಮತ್ತೆ ಆಮ್ಲ ತಯಾರಿಸುತ್ತದೆ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಆರೋಗ್ಯವಂತರಲ್ಲಿ ಒಂದು ಬಾಟಲಿ ನೀರು ಅದನ್ನು ಬದಲಿಸುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪಿಎಚ್ ಹೆಚ್ಚಿದ್ದ ಮಾತ್ರಕ್ಕೆ ಆ ನೀರು ಹೆಚ್ಚು ಆಮ್ಲವನ್ನು ಶಮನ ಮಾಡುತ್ತದೆ ಎಂದಲ್ಲ. ಅಡುಗೆ ಸೋಡಾ ಕರಗಿಸಿದ ನೀರಿನ ಪಿಎಚ್ 8ರ ಆಸುಪಾಸು. ಆದರೂ ಹೆಚ್ಚೇನೂ ಕರಗಿರದ 9.5 ಪಿಎಚ್ ನೀರಿಗಿಂತ ಅದು ಬಹಳ ಹೆಚ್ಚು ಆಮ್ಲವನ್ನು ಶಮನ ಮಾಡಬಲ್ಲದು. ಲೆಕ್ಕಕ್ಕೆ ಬರುವುದು ನೀರಿನಲ್ಲಿ ಏನು, ಎಷ್ಟು ಕರಗಿದೆ ಎಂಬುದು. ಬಣ್ಣದ ಹನಿ ಅದನ್ನು ತೋರಿಸುವುದಿಲ್ಲ. ಹಾಗೆಂದು ಆಸಿಡಿಟಿಗೆ ಸೋಡಾ ನೀರು ಕುಡಿಯುತ್ತಾ ಹೋಗಬೇಡಿ. ಅದರಲ್ಲಿ ಸೋಡಿಯಂ ಬಹಳ ಇರುತ್ತದೆ.

ಕೊನೆಯ ಸ್ಲೈಡ್: ‘~~₹3,999~~ ₹1,499, ಇಂದು ರಾತ್ರಿ 12ರವರೆಗೆ ಮಾತ್ರ’

ಇಂದೇ ಬಿಡುಗಡೆಯಾದ ಬಾಟಲಿ 3,999 ರೂಪಾಯಿಗೆ ಮಾರಾಟವಾಗಿದ್ದು ಯಾವಾಗ? ಹೊಸ ವಸ್ತುವಿಗೆ ಹಳೆಯ ಬೆಲೆ ಇರುವುದಿಲ್ಲ. ಹೊಡೆದುಹಾಕಿದ ಆ ಬೆಲೆಯನ್ನು ನಿಗದಿ ಮಾಡಿದ್ದೂ ಮಾರುವವರೇ. ಆದ್ದರಿಂದ 2,500 ರೂಪಾಯಿ ಉಳಿಯಿತು ಎನ್ನಲು ಆಧಾರವಿಲ್ಲ.

‘ಇಂದು’ ಎಂಬ ಪದವನ್ನೂ ಗಮನಿಸಿ. ಸ್ಲೈಡ್‌ನಲ್ಲಿ ದಿನಾಂಕವಿಲ್ಲ. ತಿಂಗಳ ನಂತರ ಫಾರ್ವರ್ಡ್ ಆಗಿ ಬಂದರೂ ಅದು ‘ಇಂದು’ ಎಂದೇ ಹೇಳುತ್ತದೆ. ನಾಳೆ ಅದೇ ಪುಟವನ್ನು ಮತ್ತೆ ತೆರೆದು ನೋಡಿ. ಅದೇ ಬೆಲೆ, ಅದೇ ಗಡುವು ಇದ್ದರೆ ಉತ್ತರ ಸಿಕ್ಕಂತೆ. ಗ್ರಾಹಕರನ್ನು ಸುಳ್ಳು ಗಡುವಿನಿಂದ ಅವಸರಪಡಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ದೂರು ನೀಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

‘ಕ್ಷಾರೀಯ ನೀರು ಕುಡಿದರೆ ಆಸಿಡಿಟಿ ಮಾತ್ರೆ ಬೇಡ’ ಎಂಬ ಸ್ಲೈಡ್ ನಂಬಿ ಮನೆಯ ಹಿರಿಯರು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿದರೆ ತೊಂದರೆ ಅವರಿಗೆ. ಎದೆಯುರಿ ಎಂದುಕೊಂಡದ್ದು ಕೆಲವೊಮ್ಮೆ ಹೃದಯದ ಸಮಸ್ಯೆಯೂ ಆಗಿರಬಹುದು. ಎದೆನೋವು, ಬೆವರು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಖನಿಜ ಸೇರಿಸಿದ ನೀರನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ನಮ್ಮ ತೀರ್ಮಾನ: ಬಾಟಲಿ ನೀರಿನ ಪಿಎಚ್ ಹೆಚ್ಚಿಸಬಹುದು. ಅದರಿಂದ ದೇಹ ಕ್ಷಾರೀಯವಾಗುತ್ತದೆ, ಆಸಿಡಿಟಿ ವಾಸಿಯಾಗುತ್ತದೆ ಎಂದು ಈ ಸ್ಲೈಡ್‌ಗಳು ಸಾಬೀತು ಮಾಡುವುದಿಲ್ಲ. ಇಂಥದ್ದು ನಿಮ್ಮ ಗ್ರೂಪ್‌ಗೆ ಬಂದರೆ, ‘ಇದರ ಕೊನೆಯ ಸ್ಲೈಡ್ ಏನು ಹೇಳುತ್ತದೆ?’ ಎಂದು ಕೇಳಿ. ಅಲ್ಲಿ ಬೆಲೆ ಇದ್ದರೆ, ಮೊದಲ ಸ್ಲೈಡ್ ಕೂಡ ಜಾಹೀರಾತೇ.